ಮೇಲ್ಮನವಿಯೋ, ರಿಟ್ ಅರ್ಜಿಯೋ? ಜಿಎಸ್‌ಟಿ ಆದೇಶ ಬಂದಾಗ ಮೊದಲು ಎಲ್ಲಿಗೆ ಹೋಗಬೇಕು

ರಾಣೆಬೆನ್ನೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದು ಇಟ್ಟುಕೊಳ್ಳೋಣ. 2020-21ನೇ ಸಾಲಿನಲ್ಲಿ ಮಾಲೀಕರು ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೂ ಅವರಿಗೆ ಸರಕು ಕೊಟ್ಟವರು ಸಲ್ಲಿಸಿದ ಲೆಕ್ಕಕ್ಕೂ ತಾಳೆಯಾಗಲಿಲ್ಲ. ವಾಣಿಜ್ಯ ತೆರಿಗೆ ಅಧಿಕಾರಿ 2025ರ ಜನವರಿ 10ರಂದು ಆದೇಶ ಹೊರಡಿಸಿದರು: ತೆರಿಗೆ 8,40,000 ರೂಪಾಯಿ, ದಂಡ 84,000 ರೂಪಾಯಿ, ಅದರ ಮೇಲೆ ಬಡ್ಡಿ. ಆದೇಶವನ್ನು ಅದೇ ದಿನ ಜಿಎಸ್‌ಟಿ ಪೋರ್ಟಲ್‌ಗೆ ಹಾಕಲಾಯಿತು, ಆದರೆ ಅದನ್ನು ಯಾರೂ ತೆರೆದು ನೋಡಲಿಲ್ಲ. ಏಪ್ರಿಲ್ 22ರಂದು ಚೆಕ್ ವಾಪಸ್ ಬಂದಾಗಲೇ ಬ್ಯಾಂಕ್ ಖಾತೆ ಜಪ್ತಿಯಾಗಿರುವುದು ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ಮಾಲೀಕರಿಗೆ ಎರಡು ಬಗೆಯ ಸಲಹೆ ಬರುತ್ತದೆ. ಲೆಕ್ಕ ಬರೆಯುವವರು "ಮೇಲ್ಮನವಿ ಹಾಕಿ" ಎನ್ನುತ್ತಾರೆ. ಪರಿಚಯದವರು "ನೇರವಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಸ್ಟೇ ತನ್ನಿ" ಎನ್ನುತ್ತಾರೆ. ಎರಡೂ ಕಾನೂನಿನಲ್ಲಿ ಇರುವ ದಾರಿಗಳೇ. ಯಾವುದು ಯಾರಿಗೆ ಎಂಬುದು ಆದೇಶದ ಮೊತ್ತದಿಂದ ತೀರ್ಮಾನವಾಗುವುದಿಲ್ಲ, ತಕರಾರು ಯಾವ ಬಗೆಯದು ಎಂಬುದರಿಂದ ತೀರ್ಮಾನವಾಗುತ್ತದೆ. ಈ ಒಂದು ವ್ಯತ್ಯಾಸ ಸಮಯಕ್ಕೆ ಸರಿಯಾಗಿ ತಿಳಿಯದೆ ಗಟ್ಟಿ ಪ್ರಕರಣಗಳೂ ಕೈತಪ್ಪಿ ಹೋಗುತ್ತವೆ. ಆದ್ದರಿಂದ ಅದನ್ನು ಬಿಡಿಸಿ ನೋಡೋಣ.

ನಿಯಮ ಎಲ್ಲಿಂದ ಬಂತು, ಎಷ್ಟು ಗಟ್ಟಿ

ಒಂದು ಕಾಯ್ದೆ ತೆರಿಗೆ ಹಾಕುವ ಅಧಿಕಾರ ಕೊಟ್ಟು, ಆ ತೆರಿಗೆಯ ವಿರುದ್ಧ ದೂರು ಹೇಳಿಕೊಳ್ಳುವ ಜಾಗವನ್ನೂ ತಾನೇ ಗೊತ್ತುಮಾಡಿದ್ದರೆ, ಮೊದಲು ಆ ಜಾಗಕ್ಕೇ ಹೋಗಬೇಕು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಪರ್ಯಾಯ ಪರಿಹಾರದ ನಿಯಮ ಎನ್ನುತ್ತಾರೆ. ಜಿಎಸ್‌ಟಿಯಲ್ಲಿ ಆ ಜಾಗ ಕಾಯ್ದೆಯ 107ನೇ ಕಲಂ ಹೇಳುವ ಮೇಲ್ಮನವಿ ಪ್ರಾಧಿಕಾರ. ರಾಜ್ಯದ ಅಧಿಕಾರಿಯ ಆದೇಶವಾದರೆ ವಾಣಿಜ್ಯ ತೆರಿಗೆಗಳ ಜಂಟಿ ಆಯುಕ್ತರು (ಮೇಲ್ಮನವಿ) ಅದನ್ನು ಕೇಳುತ್ತಾರೆ. ಅವರ ತೀರ್ಪೂ ಒಪ್ಪಿಗೆಯಾಗದಿದ್ದರೆ 112ನೇ ಕಲಂ ಪ್ರಕಾರ ಮೇಲ್ಮನವಿ ನ್ಯಾಯಮಂಡಳಿ ಇದೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವ ಪ್ರಶ್ನೆಯೇ ಇಲ್ಲ, 162ನೇ ಕಲಂ ಅದನ್ನು ನೇರವಾಗಿ ತಡೆಯುತ್ತದೆ.

ಹೈಕೋರ್ಟಿನ ಮಾತು ಬೇರೆ. ಸಂವಿಧಾನದ 226ನೇ ವಿಧಿ ಅದಕ್ಕೆ ಕೊಟ್ಟಿರುವ ರಿಟ್ ಅಧಿಕಾರವನ್ನು ಒಂದು ಸಾಮಾನ್ಯ ಕಾಯ್ದೆ ಕಿತ್ತುಕೊಳ್ಳಲಾರದು. "ಮೊದಲು ಮೇಲ್ಮನವಿಗೆ ಹೋಗಿ" ಎಂದು ಹೈಕೋರ್ಟ್ ಹೇಳಿದರೆ, ಅದು ತನಗೆ ತಾನೇ ಹಾಕಿಕೊಂಡ ಸಂಯಮ. ಇದು ಕಟ್ಟುನಿಟ್ಟಿನ ಕಾನೂನಲ್ಲ, ವಿವೇಚನೆಗೆ ಬಿಟ್ಟ ನೀತಿ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಮೊಹಮ್ಮದ್ ನೂಹ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ಒಬ್ಬ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ವಿರುದ್ಧ ವಿಚಾರಣೆ ನಡೆಸಿದ ಅಧಿಕಾರಿಯೇ ಅದೇ ವಿಚಾರಣೆಯಲ್ಲಿ ಸಾಕ್ಷಿಯನ್ನೂ ನುಡಿದಿದ್ದರು.

ಈ ಸಂಯಮವನ್ನು ಸಂವಿಧಾನದಲ್ಲೇ ನಿಷೇಧವಾಗಿ ಬರೆದಿದ್ದ ಕಾಲವೂ ಒಂದಿತ್ತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, 42ನೇ ತಿದ್ದುಪಡಿ 226ನೇ ವಿಧಿಗೆ ಒಂದು ಖಂಡ ಸೇರಿಸಿತು: ಮೂಲಭೂತ ಹಕ್ಕಿನ ಪ್ರಶ್ನೆಯಲ್ಲದ ಅರ್ಜಿಗಳಲ್ಲಿ, ಬೇರೆ ಕಾನೂನಿನಡಿ ಪರಿಹಾರ ಇದ್ದರೆ ಹೈಕೋರ್ಟ್ ಅರ್ಜಿಯನ್ನು ಸ್ವೀಕರಿಸುವಂತಿಲ್ಲ ಎಂದು. 1978ರ 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಾಗಾಗಿ ಇಂದು "ಮೇಲ್ಮನವಿ ಇದೆ, ಆದ್ದರಿಂದ ಈ ರಿಟ್ ನಿಲ್ಲುವುದೇ ಇಲ್ಲ" ಎಂದು ಇಲಾಖೆಯ ವಕೀಲರು ವಾದಿಸಿದರೆ ಅದು ಪೂರ್ತಿ ಸರಿಯಲ್ಲ. ಅರ್ಜಿ ಹಾಕಲು ಬರುತ್ತದೆಯೇ ಎಂಬುದು ಒಂದು ಪ್ರಶ್ನೆ, ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಬೇಕೇ ಎಂಬುದು ಇನ್ನೊಂದು. 2023ರ ಗೋದ್ರೇಜ್ ಸಾರಾ ಲೀ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ಬೆರೆಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಅರ್ಜಿದಾರರು ಗೆಲ್ಲಬೇಕಾಗಿರುವುದು ಎರಡನೆಯ ಪ್ರಶ್ನೆಯನ್ನು.

ಎಲ್ಲ ಕಾನೂನುಗಳಲ್ಲೂ ಇದು ಬರೀ ಸಂಯಮವಾಗಿ ಉಳಿದಿಲ್ಲ ಎಂಬುದೂ ನೆನಪಿರಲಿ. ಕರ್ನಾಟಕ ಭೂಕಂದಾಯ ಕಾಯ್ದೆಯ 63ನೇ ಕಲಂ ನೋಡಿ. ಕಂದಾಯ ಅಧಿಕಾರಿಯ ಕೃತ್ಯದ ಬಗ್ಗೆ ಸರ್ಕಾರದ ವಿರುದ್ಧ ದಾವೆ ಹೂಡುವವರು, ಕಾನೂನಿನಲ್ಲಿ ಇರುವ ಮೇಲ್ಮನವಿಗಳನ್ನೆಲ್ಲ ಮೊದಲೇ ಸಲ್ಲಿಸಿದ್ದೇವೆ ಎಂದು ತೋರಿಸಿಕೊಡಬೇಕು. ಅಲ್ಲಿ ಅದು ಕಾಯ್ದೆಯೇ ಸಿವಿಲ್ ಕೋರ್ಟಿಗೆ ಹಾಕಿದ ಷರತ್ತು. ರಿಟ್ ಅರ್ಜಿಯಲ್ಲಿ ಅಂಥ ಷರತ್ತು ಇಲ್ಲ, ಹೈಕೋರ್ಟಿನ ವಿವೇಚನೆ ಇದೆ.

ಮೇಲ್ಮನವಿ ಕೊಡುವುದೇನು, ಕೇಳುವುದೇನು

ಮೇಲ್ಮನವಿಯನ್ನು ಬಿಟ್ಟು ಮುಂದೆ ಹೋಗುವ ಮೊದಲು ಅದರಲ್ಲಿ ಏನಿದೆ ಎಂದು ತಿಳಿಯಬೇಕು. ಆದೇಶ ತಿಳಿಸಿದ ದಿನದಿಂದ ಮೂರು ತಿಂಗಳೊಳಗೆ ಪೋರ್ಟಲ್‌ನಲ್ಲಿ APL-01 ನಮೂನೆಯಲ್ಲಿ ಅದನ್ನು ಸಲ್ಲಿಸಬೇಕು. ತಡವಾದುದಕ್ಕೆ ಸಾಕಷ್ಟು ಕಾರಣವಿದ್ದರೆ ಇನ್ನೊಂದು ತಿಂಗಳನ್ನು ಮೇಲ್ಮನವಿ ಪ್ರಾಧಿಕಾರ ಮನ್ನಿಸಬಹುದು. ಅದರಾಚೆಗೆ ಒಂದು ದಿನವನ್ನೂ ಮನ್ನಿಸುವ ಅಧಿಕಾರವನ್ನು 107ನೇ ಕಲಂ ಅವರಿಗೆ ಕೊಟ್ಟಿಲ್ಲ.

ಹಣದ ಲೆಕ್ಕ ಹೀಗೆ. ಆದೇಶದಲ್ಲಿ ಎಷ್ಟನ್ನು ನಾವೇ ಒಪ್ಪುತ್ತೇವೆಯೋ ಅಷ್ಟನ್ನು ಬಡ್ಡಿ, ದಂಡ ಸೇರಿಸಿ ಪೂರ್ತಿ ಕಟ್ಟಬೇಕು. ಉಳಿದ ವಿವಾದಿತ ತೆರಿಗೆಯಲ್ಲಿ ಶೇ 10ರಷ್ಟನ್ನು ಮುಂಗಡ ಠೇವಣಿಯಾಗಿ ಇಡಬೇಕು. ತೆರಿಗೆಯ ಬೇಡಿಕೆ ಇರುವ ಇಂಥ ಆದೇಶದಲ್ಲಿ ಈ ಶೇ 10 ತೆರಿಗೆಯ ಮೇಲೆ ಮಾತ್ರ, ವಿವಾದಿತ ಬಡ್ಡಿ, ದಂಡದ ಮೇಲಲ್ಲ. ನಮ್ಮ ಮಾಲೀಕರು ಬಿಲ್ಲುಗಳನ್ನು ತಾಳೆ ಹಾಕಿದಾಗ 40,000 ರೂಪಾಯಿ ಕ್ರೆಡಿಟ್ ನಿಜಕ್ಕೂ ಎರಡು ಸಲ ಪಡೆದದ್ದು ಕಂಡಿತು ಎನ್ನೋಣ. ಆ 40,000 ರೂಪಾಯಿ, ಅದರ ಬಡ್ಡಿ ಮತ್ತು ಅದರ ಪಾಲಿನ 4,000 ರೂಪಾಯಿ ದಂಡವನ್ನು ಕಟ್ಟಬೇಕು. ಉಳಿದ 8,00,000 ರೂಪಾಯಿಗೆ ಠೇವಣಿ 80,000 ರೂಪಾಯಿ.

ಇಷ್ಟು ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಾನಾಗಿಯೇ ನಿಲ್ಲುತ್ತದೆ. 107ನೇ ಕಲಂನ 7ನೇ ಉಪಕಲಂ ಅದನ್ನು ಹೇಳುತ್ತದೆ, ಪ್ರತ್ಯೇಕ ತಡೆಯಾಜ್ಞೆ ಕೇಳಬೇಕಾಗಿಲ್ಲ. ಹೈಕೋರ್ಟಿಗೆ ಸ್ಟೇಗಾಗಿ ಓಡುವ ಅನೇಕರಿಗೆ ಬೇಕಾಗಿರುವುದು ಇದೇ. ಅದು ಕಾಯ್ದೆಯೊಳಗೇ ಇದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಮೇಲ್ಮನವಿ ಪ್ರಾಧಿಕಾರಕ್ಕೆ ಬಿಲ್ಲು, ಸಾಗಣೆ ದಾಖಲೆ, ಬ್ಯಾಂಕ್ ಪಾವತಿಗಳನ್ನು ಒಂದೊಂದಾಗಿ ಪರಿಶೀಲಿಸುವ ಅಧಿಕಾರ ಇದೆ. ಆದೇಶವನ್ನು ಎತ್ತಿಹಿಡಿಯಬಹುದು, ಬದಲಿಸಬಹುದು, ರದ್ದು ಮಾಡಬಹುದು. ಕೆಳಗಿನ ಅಧಿಕಾರಿಗೆ ವಾಪಸ್ ಕಳಿಸುವಂತಿಲ್ಲ. ಅಂದರೆ ಅಲ್ಲಿ ಬರುವ ಫಲ, ಆ ಹಂತದ ಮಟ್ಟಿಗೆ, ಅಂತಿಮ ಫಲ.

ಮೇಲ್ಮನವಿ ಬಿಟ್ಟು ಹೈಕೋರ್ಟಿಗೆ ಹೋಗಬಹುದಾದ ಸಂದರ್ಭಗಳು

1998ರ ವರ್ಲ್‌ಪೂಲ್ ತೀರ್ಪು ಈ ವಿನಾಯಿತಿಗಳನ್ನು ಒಂದೆಡೆ ಕೂಡಿಸಿ ಹೇಳಿತು. 2021ರ ರಾಧಾ ಕೃಷನ್ ಇಂಡಸ್ಟ್ರೀಸ್ ತೀರ್ಪು ಅವನ್ನು ಜಿಎಸ್‌ಟಿ ಪ್ರಕರಣದಲ್ಲೇ ಮತ್ತೆ ಖಚಿತಪಡಿಸಿತು. ಅವು ನಾಲ್ಕು: ಮೂಲಭೂತ ಹಕ್ಕಿನ ಉಲ್ಲಂಘನೆ, ಸ್ವಾಭಾವಿಕ ನ್ಯಾಯದ ಉಲ್ಲಂಘನೆ, ಅಧಿಕಾರವೇ ಇಲ್ಲದ ಆದೇಶ, ಮತ್ತು ಕಾನೂನಿನ ಸಿಂಧುತ್ವಕ್ಕೇ ಒಡ್ಡುವ ಸವಾಲು. ಬರೀ ತೆರಿಗೆ ಆದೇಶದಲ್ಲಿ ಮೂಲಭೂತ ಹಕ್ಕಿನ ಪ್ರಶ್ನೆ ಒಂಟಿಯಾಗಿ ಏಳುವುದು ಕಡಿಮೆ. ಉಳಿದ ಮೂರನ್ನು ನಮ್ಮ ಅಂಗಡಿಯ ಆದೇಶಕ್ಕೇ ಹಚ್ಚಿ ನೋಡೋಣ.

ಮೊದಲಿನದು ಸ್ವಾಭಾವಿಕ ನ್ಯಾಯ. ನಮ್ಮ ಮೇಲಿನ ಆರೋಪವೇನು ಎಂದು ಹೇಳಬೇಕು, ನಮ್ಮ ಮಾತು ಕೇಳಬೇಕು, ಕಾರಣ ಕೊಟ್ಟು ತೀರ್ಮಾನಿಸಬೇಕು. ಜಿಎಸ್‌ಟಿ ಕಾಯ್ದೆಯ 75ನೇ ಕಲಂನ 4ನೇ ಉಪಕಲಂ ಇದನ್ನು ಇನ್ನೂ ಬಿಗಿಯಾಗಿ ಬರೆದಿದೆ. ತೆರಿಗೆದಾರರು ಲಿಖಿತವಾಗಿ ಕೇಳಿದ್ದರೆ ಅಥವಾ ಅವರ ವಿರುದ್ಧ ತೀರ್ಮಾನ ಆಗುವಂತಿದ್ದರೆ ಖುದ್ದು ವಿಚಾರಣೆಗೆ ಅವಕಾಶ ಕೊಡಲೇಬೇಕು. ಕೇಳಿದ್ದರೆ ಮಾತ್ರ ಎಂದಲ್ಲ, ಪ್ರತಿಕೂಲ ತೀರ್ಮಾನದ ಸೂಚನೆ ಇದ್ದರೂ ಸಾಕು. ಆದರೂ ಅನೇಕ ನೋಟಿಸುಗಳಲ್ಲಿ ವಿಚಾರಣೆಯ ದಿನಾಂಕ ಬರೆಯುವ ಜಾಗದಲ್ಲಿ NA ಎಂದಷ್ಟೇ ಇರುತ್ತದೆ, ಬಳಿಕ ಪೂರ್ತಿ ಬೇಡಿಕೆಯ ಆದೇಶ ಬಂದುಬಿಡುತ್ತದೆ. ಅಲಹಾಬಾದ್ ಹೈಕೋರ್ಟ್ ಇಂಥ ಆದೇಶಗಳನ್ನು ಹಲವು ಸಲ ರದ್ದು ಮಾಡಿದೆ. ಇದನ್ನು ಕಂಡುಹಿಡಿಯಲು ವಾದದ ಅಗತ್ಯವಿಲ್ಲ. ನೋಟಿಸಿನ ಕೋಷ್ಟಕದಲ್ಲಿ ವಿಚಾರಣೆಯ ದಿನಾಂಕ, ಸಮಯ, ಸ್ಥಳ ಇದೆಯೇ ನೋಡಬೇಕು. ಬಳಿಕ ಬೇರೆ ವಿಚಾರಣಾ ಸೂಚನೆ ಬಂದಿತ್ತೇ ಎಂದು ಪೋರ್ಟಲ್‌ನಲ್ಲಿ ಹುಡುಕಬೇಕು. ಆದೇಶದೊಳಗೆ ವಿಚಾರಣೆ ನಡೆದ ಉಲ್ಲೇಖ ಇದೆಯೇ ಓದಬೇಕು. ಮೂರರಲ್ಲೂ ಇಲ್ಲವೆಂದಾದರೆ ತಕರಾರು ಕಾಗದದ ಮೇಲೇ ಸಾಬೀತಾದಂತೆ.

ಎರಡನೆಯದು ಅಧಿಕಾರವಿಲ್ಲದ ಆದೇಶ. ಇಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಅಧಿಕಾರಿ ತಪ್ಪು ತೀರ್ಮಾನ ಮಾಡಿದರು ಎಂಬುದು ಅಧಿಕಾರವಿಲ್ಲದ ಆದೇಶವಾಗುವುದಿಲ್ಲ. ಆ ತೀರ್ಮಾನಕ್ಕೆ ಕೈಹಾಕುವ ಹಕ್ಕೇ ಅವರಿಗೆ ಇರಲಿಲ್ಲ ಎಂದಾಗಬೇಕು. ವರ್ಲ್‌ಪೂಲ್ ಪ್ರಕರಣದಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ರದ್ದು ಮಾಡಲು ರಿಜಿಸ್ಟ್ರಾರ್ ನೋಟಿಸ್ ಕೊಟ್ಟರು, ಆಗ ಅದೇ ವಿಷಯ ಹೈಕೋರ್ಟಿನ ಮುಂದಿತ್ತು. ಆ ಹಂತದಲ್ಲಿ ರಿಜಿಸ್ಟ್ರಾರ್‌ಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ ನೋಟಿಸನ್ನೇ ಹೊಡೆದುಹಾಕಿತು. ರಾಧಾ ಕೃಷನ್ ಪ್ರಕರಣದಲ್ಲೂ ಹಾಗೆಯೇ. ತಾತ್ಕಾಲಿಕ ಜಪ್ತಿಗೆ 83ನೇ ಕಲಂ ವಿಧಿಸುವ ಷರತ್ತುಗಳೇ ಈಡೇರಿರಲಿಲ್ಲ, ಆದ್ದರಿಂದ ರಿಟ್ ಅರ್ಜಿಯನ್ನು ಕೇಳಬೇಕಿತ್ತು ಎಂದಿತು ಕೋರ್ಟ್.

ನಮ್ಮ ಅಂಗಡಿಯ ಆದೇಶದಲ್ಲಿ ಈ ತಕರಾರು ಹೇಗೆ ಬರಬಹುದು? 75ನೇ ಕಲಂನ 7ನೇ ಉಪಕಲಂ ಪ್ರಕಾರ, ಆದೇಶದ ಮೊತ್ತ ನೋಟಿಸಿನ ಮೊತ್ತವನ್ನು ಮೀರುವಂತಿಲ್ಲ, ನೋಟಿಸಿನಲ್ಲಿ ಇಲ್ಲದ ಕಾರಣ ಕೊಟ್ಟು ಬೇಡಿಕೆಯನ್ನು ಖಚಿತಪಡಿಸುವಂತಿಲ್ಲ. ನೋಟಿಸ್ ಬರೀ ಲೆಕ್ಕದ ವ್ಯತ್ಯಾಸದ ಬಗ್ಗೆ ಇತ್ತು, ಆದೇಶ ಮಾತ್ರ "ಸರಕು ಬಂದೇ ಇಲ್ಲ, ಬಿಲ್ಲುಗಳು ಸುಳ್ಳು" ಎಂದಿದ್ದರೆ, ಅಥವಾ ನೋಟಿಸಿನ 6 ಲಕ್ಷ ರೂಪಾಯಿ ಆದೇಶದಲ್ಲಿ 8.4 ಲಕ್ಷ ರೂಪಾಯಿ ಆಗಿದ್ದರೆ, ಅದು ಕಾಯ್ದೆಯ ಗೆರೆ ದಾಟಿದ ಆದೇಶ. ಕಾಲಮಿತಿಯೂ ಇದೇ ಗುಂಪಿಗೆ ಸೇರುತ್ತದೆ. 73ನೇ ಕಲಂ ಆದೇಶವನ್ನು ಆ ಸಾಲಿನ ವಾರ್ಷಿಕ ರಿಟರ್ನ್ ಸಲ್ಲಿಸಬೇಕಿದ್ದ ಕೊನೆಯ ದಿನದಿಂದ ಮೂರು ವರ್ಷದೊಳಗೆ ಹೊರಡಿಸಬೇಕು. 2020-21ಕ್ಕೆ ಆ ಕೊನೆಯ ದಿನ 2022ರ ಫೆಬ್ರುವರಿ 28 ಆಗಿತ್ತು. ಹಾಗಾಗಿ 2025ರ ಜನವರಿ 10ರ ಆದೇಶ ಕಾಲದೊಳಗೇ ಇದೆ, ಈ ನೆಪ ಇಲ್ಲಿ ನಡೆಯುವುದಿಲ್ಲ.

ಮೂರನೆಯದು ಕಾನೂನಿಗೇ ಸವಾಲು. ಸರಕು ಕೊಟ್ಟವರು ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿರಬೇಕು ಎಂದು 16ನೇ ಕಲಂ ಖರೀದಿದಾರರ ಕ್ರೆಡಿಟ್‌ಗೆ ಷರತ್ತು ಹಾಕಿದೆ. ಆ ಷರತ್ತೇ ಸಂವಿಧಾನಕ್ಕೆ ವಿರುದ್ಧ ಎನ್ನುವುದಾದರೆ ಜಂಟಿ ಆಯುಕ್ತರ ಮುಂದೆ ಹೇಳಿ ಪ್ರಯೋಜನವಿಲ್ಲ. ಕಾಯ್ದೆಯಡಿ ಹುಟ್ಟಿದ ಪ್ರಾಧಿಕಾರ ಅದೇ ಕಾಯ್ದೆಯನ್ನು ಅಸಿಂಧುಗೊಳಿಸಲಾರದು. ಒಂದು ಎಚ್ಚರ ಇರಲಿ: ರಿಟ್ ಅರ್ಜಿ ಉಳಿಯಲಿ ಎಂದು ಇಂಥ ಸವಾಲನ್ನು ಹೆಸರಿಗೆ ಸೇರಿಸುವುದು ಹಳೆಯ ಚಾಳಿ. ವಾದದಲ್ಲಿ ತಿರುಳಿಲ್ಲ ಎಂದು ಕೋರ್ಟಿಗೆ ಕಂಡರೆ, ಸವಾಲನ್ನು ಬದಿಗಿಟ್ಟು ಅರ್ಜಿದಾರರನ್ನು ಮೇಲ್ಮನವಿಗೇ ಕಳಿಸುತ್ತದೆ.

ಈ ನಾಲ್ಕರ ಜೊತೆಗೆ ಇನ್ನೆರಡು ಸಂದರ್ಭಗಳನ್ನೂ ಕೋರ್ಟುಗಳು ಒಪ್ಪುತ್ತವೆ. ಸಂಗತಿಗಳ ಬಗ್ಗೆ ಯಾವ ಜಗಳವೂ ಇಲ್ಲದೆ ಶುದ್ಧ ಕಾನೂನಿನ ಪ್ರಶ್ನೆಯೊಂದೇ ಉಳಿದಿದ್ದರೆ ಹೈಕೋರ್ಟ್ ಕೇಳಬಹುದು ಎಂದು ಗೋದ್ರೇಜ್ ಸಾರಾ ಲೀ ತೀರ್ಪು ಹೇಳಿದೆ. ಎರಡನೆಯದಾಗಿ, ಪರಿಹಾರ ಇರಬೇಕಾದ್ದು ಕಾಗದದ ಮೇಲೆ ಮಾತ್ರ ಅಲ್ಲ, ನಿಜವಾಗಿ ಸಿಗುವಂತಿರಬೇಕು. ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ 2017ರ ಕಾಯ್ದೆಯಲ್ಲಿ ಇದ್ದರೂ ವರ್ಷಗಟ್ಟಲೆ ಕೆಲಸ ಆರಂಭಿಸಲಿಲ್ಲ. ಆ ಅವಧಿಯಲ್ಲಿ ಮೊದಲ ಮೇಲ್ಮನವಿಯಲ್ಲಿ ಸೋತವರ ರಿಟ್ ಅರ್ಜಿಗಳನ್ನು ಹಲವು ಹೈಕೋರ್ಟುಗಳು ಕೈಗೆತ್ತಿಕೊಂಡವು.

ವಿನಾಯಿತಿಯಂತೆ ಕಂಡರೂ ಅಲ್ಲದವು

"ನಾನು ಎಲ್ಲ ಬಿಲ್ಲುಗಳನ್ನೂ ಕೊಟ್ಟಿದ್ದೆ, ಅಧಿಕಾರಿ ನಂಬಲಿಲ್ಲ." ಇದು ಗಟ್ಟಿಯಾದ ತಕರಾರು, ಆದರೆ ಮೇಲ್ಮನವಿಯ ತಕರಾರು. 2021ರ ಕಮರ್ಷಿಯಲ್ ಸ್ಟೀಲ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕದಲ್ಲಿ ಖರೀದಿಸಿ ತೆಲಂಗಾಣಕ್ಕೆ ಸಾಗಿಸುತ್ತಿದ್ದ ಸರಕನ್ನು ಅಲ್ಲಿನ ಅಧಿಕಾರಿಗಳು ತಡೆದರು. ವ್ಯಾಪಾರಿ ತೆರಿಗೆ, ದಂಡ ಕಟ್ಟಿ ಬಿಡಿಸಿಕೊಂಡು, ಮೇಲ್ಮನವಿಗೆ ಹೋಗದೆ ಹೈಕೋರ್ಟಿಗೆ ಹೋಗಿ ಅಲ್ಲಿ ಗೆದ್ದರು. ಸುಪ್ರೀಂ ಕೋರ್ಟ್ ಆ ಗೆಲುವನ್ನು ರದ್ದುಪಡಿಸಿತು. ನಾಲ್ಕು ವಿನಾಯಿತಿಗಳಲ್ಲಿ ಒಂದೂ ಇಲ್ಲಿಲ್ಲ, ಸಂಗತಿಗಳನ್ನು ತೂಗಿ ನೋಡುವ ಕೆಲಸ 107ನೇ ಕಲಂ ಪ್ರಾಧಿಕಾರದ್ದು ಎಂದಿತು. ಹೈಕೋರ್ಟಿನಲ್ಲಿ ಗೆದ್ದರೂ ತಪ್ಪು ದಾರಿಯ ಗೆಲುವು ನಿಲ್ಲುವುದಿಲ್ಲ ಎಂಬ ಪಾಠ ಇದರಲ್ಲಿದೆ.

"ಠೇವಣಿ ಕಟ್ಟಲು ಹಣವಿಲ್ಲ" ಎಂಬುದೂ ತಾನಾಗಿಯೇ ವಿನಾಯಿತಿ ಆಗುವುದಿಲ್ಲ. ಮೇಲ್ಮನವಿ ಎಂಬುದು ಕಾಯ್ದೆ ಕೊಟ್ಟ ಹಕ್ಕು, ಅದನ್ನು ಷರತ್ತಿನೊಂದಿಗೆ ಕೊಡಲು ಕಾಯ್ದೆಗೆ ಬರುತ್ತದೆ ಎಂಬುದು ಕೋರ್ಟುಗಳ ನಿಲುವು.

"ನೋಟಿಸ್ ಬಂದದ್ದೇ ಗೊತ್ತಿಲ್ಲ" ಎಂಬ ಮಾತು ನಡುವೆ ನಿಲ್ಲುತ್ತದೆ. ಪೋರ್ಟಲ್‌ನಲ್ಲಿ ಹಾಕುವುದೂ 169ನೇ ಕಲಂ ಒಪ್ಪಿದ ಜಾರಿ ವಿಧಾನವೇ. ಆದರೆ ನೋಟಿಸುಗಳು View Notices and Orders ಎಂಬಲ್ಲಿ ಬರದೆ View Additional Notices/Orders ಎಂಬ ಬೇರೆ ಜಾಗದಲ್ಲಿ ಕೂತಿದ್ದಾಗ, ಒಂದಕ್ಕೂ ಉತ್ತರ ಬಾರದಿದ್ದರೂ ಅಧಿಕಾರಿ ಅಂಚೆಯಲ್ಲೋ ಬೇರೆ ವಿಧಾನದಲ್ಲೋ ತಿಳಿಸಲು ಯತ್ನಿಸದಿದ್ದಾಗ, ಕೆಲವು ಹೈಕೋರ್ಟುಗಳು ಮರಳಿ ಅವಕಾಶ ಕೊಟ್ಟಿವೆ. ಎಲ್ಲ ಪೀಠಗಳೂ ಹಾಗೆ ಮಾಡುವುದಿಲ್ಲ. ಇದನ್ನೊಂದನ್ನೇ ನೆಚ್ಚಿ ಮೇಲ್ಮನವಿಯ ಗಡುವನ್ನು ದಾಟಲು ಬಿಡುವುದು ಅಪಾಯ.

ಗಡುವು ಯಾರಿಗೂ ಕಾಯುವುದಿಲ್ಲ

ರಿಟ್ ಅರ್ಜಿಗೆ ಇಂತಿಷ್ಟೇ ದಿನ ಎಂದು ಕಾಲಮಿತಿ ಇಲ್ಲ, ವಿಳಂಬ ಮಾತ್ರ ಸಮಂಜಸವಾಗಿರಬೇಕು. ಆದ್ದರಿಂದ "ಮೇಲ್ಮನವಿಯ ಅವಧಿ ಮುಗಿದರೆ ರಿಟ್ ಹಾಕಿದರಾಯಿತು" ಎಂಬ ಭಾವನೆ ಬಲವಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಗ್ಲಾಕ್ಸೋ ಸ್ಮಿತ್‌ಕ್ಲೈನ್ ಪ್ರಕರಣದಲ್ಲಿ ಈ ದಾರಿಯನ್ನು ಮುಚ್ಚಿತು. ಅದು ಆಂಧ್ರಪ್ರದೇಶದ ವ್ಯಾಟ್ ಪ್ರಕರಣ. ಮೇಲ್ಮನವಿಗೆ 30 ದಿನ, ಮನ್ನಿಸಲು ಇನ್ನೂ 30 ದಿನ, ಅದೂ ಕಳೆದ ಮೇಲೆ ಕಂಪನಿ ಹೈಕೋರ್ಟಿಗೆ ಹೋಗಿತ್ತು. ಕಾಯ್ದೆ ಹಾಕಿದ ಗರಿಷ್ಠ ಗಡುವನ್ನು ಹೈಕೋರ್ಟ್ ರಿಟ್ ಅಧಿಕಾರ ಬಳಸಿ ನಿರರ್ಥಕ ಮಾಡಬಾರದು ಎಂದಿತು ಕೋರ್ಟ್.

ರಿಟ್ ಅರ್ಜಿ ಬಾಕಿ ಇರುವಾಗಲೂ ಮೇಲ್ಮನವಿಯ ಅವಧಿ ಓಡುತ್ತಲೇ ಇರುತ್ತದೆ. ತಪ್ಪು ಕೋರ್ಟಿನಲ್ಲಿ ಸದ್ಭಾವನೆಯಿಂದ ಕಳೆದ ಸಮಯವನ್ನು ಲೆಕ್ಕದಿಂದ ಬಿಡುವ ತತ್ವ ಕಾಲಮಿತಿ ಕಾಯ್ದೆಯ 14ನೇ ಕಲಂನಲ್ಲಿದೆ. ಇಂಥ ಪ್ರಾಧಿಕಾರಗಳ ಮುಂದೆಯೂ ಆ ತತ್ವ ಅನ್ವಯಿಸಬಹುದು ಎಂದು 2015ರ ಎಂ.ಪಿ. ಸ್ಟೀಲ್ ತೀರ್ಪು ಹೇಳಿದೆ. ಆದರೆ ಅದು ಸಿಗಬೇಕಾದರೆ ನಾವು ಮೇಲ್ಮನವಿಯ ಅವಧಿಯೊಳಗೇ ರಿಟ್ ಹಾಕಿರಬೇಕು, ಶ್ರದ್ಧೆಯಿಂದ ನಡೆಸಿರಬೇಕು. ಆದೇಶ ಬಂದ ಮೊದಲ ತಿಂಗಳಲ್ಲೇ ರಿಟ್ ಹಾಕಿದವರಿಗೆ "ಮೇಲ್ಮನವಿಗೆ ಹೋಗಿ" ಎಂಬ ಉತ್ತರ ಬಂದರೂ ದಿನ ಉಳಿದಿರುತ್ತದೆ. ಐದನೆಯ ತಿಂಗಳಲ್ಲಿ ಹಾಕಿದವರಿಗೆ ಅದೇ ಉತ್ತರ ಎರಡೂ ಕಡೆಯ ಸೋಲಾಗುತ್ತದೆ.

ರಾಣೆಬೆನ್ನೂರಿನ ಲೆಕ್ಕ

ಈಗ ಏಪ್ರಿಲ್ 22ಕ್ಕೆ ಬರೋಣ. ಆದೇಶ ತಿಳಿಸಿದ ದಿನ ಜನವರಿ 10 ಎಂದಿಟ್ಟರೆ ಮೂರು ತಿಂಗಳು ಏಪ್ರಿಲ್ 10ಕ್ಕೆ ಮುಗಿದಿದೆ. ಮನ್ನಿಸಬಹುದಾದ ತಿಂಗಳು ಮೇ 10ಕ್ಕೆ ಮುಗಿಯುತ್ತದೆ. ಉಳಿದಿರುವುದು 18 ದಿನ. ಮಾಲೀಕರು ಆ ದಿನವೇ DRC-01 ನೋಟಿಸು, ತಮ್ಮ ಉತ್ತರ, DRC-07 ಆದೇಶದ ಸಾರಾಂಶ ಮತ್ತು ಅದರ ಜೊತೆ ಲಗತ್ತಿಸಿದ ಪೂರ್ಣ ಆದೇಶ, ಈ ನಾಲ್ಕನ್ನೂ ಇಳಿಸಿಕೊಂಡು ಒಟ್ಟಿಗೆ ಓದಬೇಕು.

ಒಂದು ಸಾಧ್ಯತೆ: ನೋಟಿಸಿಗೆ ಉತ್ತರ ಹೋಗಿದೆ, ವಿಚಾರಣೆ ನಡೆದಿದೆ, ಮೂವರು ಸರಬರಾಜುದಾರರ ಬಿಲ್ಲುಗಳನ್ನು ಅಧಿಕಾರಿ ಒಪ್ಪಿಲ್ಲ. ಆಗ ಯೋಚಿಸುವುದೇನೂ ಇಲ್ಲ. ಮೇ 10ರೊಳಗೆ ಮೇಲ್ಮನವಿ, ತಡವಾದುದಕ್ಕೆ ಕಾರಣ ತಿಳಿಸುವ ಅರ್ಜಿ, ಒಪ್ಪಿದ ಮೊತ್ತದ ಜೊತೆ 80,000 ರೂಪಾಯಿ ಠೇವಣಿ. ಬಳಿಕ ಸ್ವೀಕೃತಿ ಮತ್ತು ಪಾವತಿಯ ಪ್ರತಿಯನ್ನು ಅಧಿಕಾರಿಗೆ ಕೊಟ್ಟು, ವಸೂಲಿ ಕಾನೂನಿನಂತೆಯೇ ನಿಂತಿದೆ, ಬ್ಯಾಂಕ್ ಜಪ್ತಿ ತೆರವು ಮಾಡಿ ಎಂದು ಲಿಖಿತವಾಗಿ ಕೇಳಬೇಕು. ಠೇವಣಿ ಕಟ್ಟಿದ ಮೇಲೂ ಅವರು ಜಪ್ತಿ ಬಿಡದಿದ್ದರೆ, ಅಷ್ಟಕ್ಕೆ ಮಾತ್ರ ರಿಟ್ ಅರ್ಜಿ ಹಾಕುವುದು ಸರಿಯಾದ ದಾರಿ.

ಇನ್ನೊಂದು ಸಾಧ್ಯತೆ: ಉತ್ತರ ಹೋಗಿದೆ, ಆದರೆ ವಿಚಾರಣೆಯ ದಿನಾಂಕದ ಜಾಗದಲ್ಲಿ NA ಇದೆ, ಬೇರೆ ಸೂಚನೆ ಬಂದಿಲ್ಲ, ಆದೇಶದಲ್ಲಿ ಉತ್ತರದ ಪ್ರಸ್ತಾಪವೂ ಇಲ್ಲ. ಇದು ರಿಟ್‌ಗೆ ಒಗ್ಗುವ ಪ್ರಕರಣ. ಹಾವೇರಿ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ. ಆದರೂ ಫಲ ಏನು ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಗೆದ್ದರೆ ಹೈಕೋರ್ಟ್ 8,40,000 ರೂಪಾಯಿ ಬೇಡಿಕೆಯನ್ನು ಅಳಿಸಿ ಮನೆಗೆ ಕಳಿಸುವುದಿಲ್ಲ. ಆದೇಶ ರದ್ದು ಮಾಡಿ, ವಿಚಾರಣೆ ನಡೆಸಿ ಹೊಸದಾಗಿ ತೀರ್ಮಾನಿಸಿ ಎಂದು ಅದೇ ಕಚೇರಿಗೆ ವಾಪಸ್ ಕಳಿಸುತ್ತದೆ, ಕೆಲವೊಮ್ಮೆ ಒಂದಿಷ್ಟು ಹಣ ಕಟ್ಟುವ ಷರತ್ತನ್ನೂ ಹಾಕುತ್ತದೆ. ಬಿಲ್ಲುಗಳು ಇನ್ನೂ ಕೈಸೇರಬೇಕಿದ್ದರೆ, ಉತ್ತರವನ್ನು ಸರಿಯಾಗಿ ಬರೆಯಬೇಕಿದ್ದರೆ ಆ ಎರಡನೆಯ ಅವಕಾಶ ಬೆಲೆಯುಳ್ಳದ್ದು. ದಾಖಲೆಗಳೆಲ್ಲ ಈಗಲೇ ಕೈಯಲ್ಲಿದ್ದರೆ, 80,000 ರೂಪಾಯಿ ಠೇವಣಿ ಇಟ್ಟು ನೇರವಾಗಿ ಮೇಲ್ಮನವಿಯಲ್ಲೇ ಅಂತಿಮ ತೀರ್ಮಾನ ಪಡೆಯುವುದು ಅಗ್ಗವೂ ಆಗಬಹುದು, ಬೇಗವೂ ಆಗಬಹುದು. ವಿಚಾರಣೆ ಕೊಡಲಿಲ್ಲ ಎಂಬ ತಕರಾರನ್ನು ಅಲ್ಲಿಯೂ ಮೊದಲ ಅಂಶವಾಗಿ ಎತ್ತಬಹುದು.

ರಿಟ್ ಹಾಕುವುದೇ ಸರಿ ಎಂದಾದರೆ

ಅರ್ಜಿಯ ಮೊದಲ ಪುಟಗಳಲ್ಲೇ ಮೇಲ್ಮನವಿಯ ಅವಕಾಶ ಇದೆ ಎಂದು ತಾವಾಗಿ ಬರೆದು, ಯಾವ ವಿನಾಯಿತಿಯಡಿ ಬಂದಿದ್ದೇವೆ ಎಂದು ಹೇಳಬೇಕು. ಅದನ್ನು ಮುಚ್ಚಿಟ್ಟರೆ, ಅಥವಾ ಮೇಲ್ಮನವಿ ಹಾಕಿರುವ ಸಂಗತಿಯನ್ನೇ ಬಚ್ಚಿಟ್ಟು ರಿಟ್ ಹಾಕಿದರೆ, ಸತ್ಯಾಂಶ ಮರೆಮಾಚಿದ ಕಾರಣಕ್ಕೇ ಅರ್ಜಿ ವಜಾ ಆಗಬಹುದು. ತಕರಾರನ್ನು ದಾಖಲೆಯಿಂದಲೇ ತೋರಿಸಬೇಕು: NA ಎಂದಿರುವ ನೋಟಿಸಿನ ಪುಟ, ಉತ್ತರ ಸಲ್ಲಿಸಿದ ಸ್ವೀಕೃತಿ, ಅದನ್ನು ಪ್ರಸ್ತಾಪಿಸದ ಆದೇಶದ ಪ್ಯಾರಾ. ಐದು ಪುಟದ ವಿಚಾರಣಾ ತಕರಾರಿನ ಜೊತೆ ಐವತ್ತು ಪುಟದ ಬಿಲ್ಲಿನ ಲೆಕ್ಕವನ್ನು ತುಂಬಿದರೆ, ಇದು ಸಂಗತಿಗಳ ಜಗಳ ಎಂದು ನಾವೇ ಕೋರ್ಟಿಗೆ ಹೇಳಿಕೊಟ್ಟಂತಾಗುತ್ತದೆ.

ವಿಚಾರಣೆಯ ದಿನ ಪೀಠ ಮೇಲ್ಮನವಿಯತ್ತ ಒಲವು ತೋರಿದರೆ, ವಕೀಲರು ಆ ಕ್ಷಣದಲ್ಲೇ ಎರಡನ್ನು ಕೇಳಬೇಕು. ಮೇಲ್ಮನವಿ ಸಲ್ಲಿಸುವ ಸ್ವಾತಂತ್ರ್ಯವನ್ನು ಆದೇಶದಲ್ಲಿ ದಾಖಲಿಸಿ, ಮತ್ತು ಈ ಅರ್ಜಿ ಬಾಕಿ ಇದ್ದ ದಿನಗಳನ್ನು ಕಾಲಮಿತಿಯಿಂದ ಕಳೆಯಿರಿ. ಜೊತೆಗೆ, ಪ್ರಕರಣದ ಗುಣದೋಷಗಳ ಬಗ್ಗೆ ಏನನ್ನೂ ಹೇಳಿಲ್ಲ, ಎಲ್ಲ ವಾದಗಳೂ ಮುಕ್ತವಾಗಿವೆ ಎಂಬ ಸಾಲು ಆದೇಶದಲ್ಲಿ ಬಂದರೆ ಇನ್ನೂ ಒಳ್ಳೆಯದು. ಇವಿಲ್ಲದೆ ಸುಮ್ಮನೆ ಹಿಂತೆಗೆದುಕೊಂಡ ಅರ್ಜಿಗಳೇ ಮುಂದೆ ಜಂಟಿ ಆಯುಕ್ತರ ಮುಂದೆ ಕಾಲಮಿತಿ ಮೀರಿದ ಮೇಲ್ಮನವಿಗಳಾಗಿ ಬಿದ್ದುಹೋಗುತ್ತವೆ. ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ಕೂಡಲೇ, ಕೋರ್ಟ್ ಕೊಟ್ಟ ದಿನಗಳ ಕೊನೆಯವರೆಗೂ ಕಾಯದೆ, APL-01 ಸಲ್ಲಿಸಬೇಕು.